ನಾಲ್ಕು ಲೆಂತ್‌ಗೇ ಏದುಸಿರು: ತಪ್ಪು ಸ್ಟ್ಯಾಮಿನಾದ್ದಲ್ಲ

ಪ್ರಶ್ನೆ: ಹತ್ತು ಕಿ.ಮೀ. ಓಡಿದರೂ ದಣಿಯದ ನನಗೆ ಫ್ರೀಸ್ಟೈಲ್‌ನಲ್ಲಿ ಮೂರು-ನಾಲ್ಕು ಲೆಂತ್ ಈಜುವಷ್ಟರಲ್ಲಿ ಏದುಸಿರು ಬರುತ್ತದೆ. ಟ್ರಯಾಥ್ಲಾನ್‌ಗಾಗಿ ಈಜಿನ ಸ್ಟ್ಯಾಮಿನಾ ಹೆಚ್ಚಿಸಿಕೊಳ್ಳುವುದು ಹೇಗೆ?

ನಾನೂ ಓಟದಿಂದಲೇ ಈ ಕಡೆಗೆ ಬಂದವನು. ಸ್ಟ್ಯಾಮಿನಾ ಸಾಲದೆಂದು ನಂಬಿ ಹೆಚ್ಚುಕಡಿಮೆ ಒಂದು ವರ್ಷವನ್ನು ಹಾಳುಮಾಡಿಕೊಂಡೆ. ಬೆಂಗಳೂರಿನ 25 ಮೀಟರ್ ಕೊಳವೊಂದರಲ್ಲಿ ದಿನವೂ ಬೆಳಿಗ್ಗೆ ನಾಲ್ಕು ಲೆಂತ್ ಈಜಿ, ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತು, ಮತ್ತೆ ನಾಲ್ಕು ಈಜುತ್ತಿದ್ದೆ. ನನ್ನ ಮೊದಲ ಸ್ಪ್ರಿಂಟ್ ಟ್ರಯಾಥ್ಲಾನ್‌ನ 750 ಮೀಟರ್ ಈಜು ಕೊಳದಲ್ಲೇ ಇತ್ತು. ಮೂವತ್ತು ಲೆಂತ್‌ಗಳಲ್ಲಿ ಆರನೆಯದಕ್ಕೇ ನಿಂತೆ, ಉಳಿದದ್ದರಲ್ಲಿ ಬಹುಪಾಲನ್ನು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮುಗಿಸಿದೆ.

ತಪ್ಪನ್ನು ಕಂಡುಹಿಡಿದವರು ಪಕ್ಕದ ಲೇನ್‌ನಲ್ಲಿ ನಿಧಾನವಾಗಿ, ನಿಲ್ಲದೆ ಈಜುತ್ತಿದ್ದ ಒಬ್ಬ ನಿವೃತ್ತ ಹಿರಿಯರು. ಒಂದು ದಿನ ಕನ್ನಡಕವನ್ನು ಹಣೆಗೇರಿಸಿ, "ನೀವು ಹೋಗುವಾಗ ಮುಖದ ಮುಂದೆ ಒಂದು ಗುಳ್ಳೆಯೂ ಏಳುವುದಿಲ್ಲವಲ್ಲ, ಉಸಿರು ಬಿಡುವುದು ಯಾವಾಗ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮುಖ ನೀರಿನಲ್ಲಿದ್ದಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ತೆತ್ತ ಬೆಲೆಯೆಲ್ಲ ಇದಕ್ಕೇ. ಉಸಿರಾಡಲೇಬೇಕೆಂಬ ಒತ್ತಡ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ತಲೆ ಹೊರಳಿಸಿದಾಗ ಬಾಯಿ ನೀರಿನ ಮೇಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಹಳೆಯ ಉಸಿರನ್ನು ಬಿಟ್ಟು ಹೊಸದನ್ನು ಎಳೆದುಕೊಳ್ಳಲು ಹೊರಟರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಪ್ರತಿ ಉಸಿರಿನಲ್ಲೂ ಸ್ವಲ್ಪ ಸ್ವಲ್ಪ ಬಾಕಿ ಉಳಿಯುತ್ತ ಹೋಗಿ, ನಾಲ್ಕನೆಯ ಲೆಂತ್‌ಗೆ ಗಾಬರಿಯಾಗಿ ಹೊರಬರುತ್ತದೆ. ಅದು ಸಾಲದೆಂಬಂತೆ, ಗಾಳಿ ತುಂಬಿದ ಎದೆ ಮೇಲೆ ತೇಲಿದರೆ ಕಾಲು ಕೆಳಗಿಳಿಯುತ್ತದೆ. ಅದನ್ನು ಎತ್ತಲು ಜೋರಾಗಿ ಒದೆಯುತ್ತೇವೆ. ಓಟಗಾರರ ಪಾದದ ಕೀಲು ಸಾಮಾನ್ಯವಾಗಿ ಬಿಗಿ, ಒದ್ದರೂ ಮುಂದೆ ಸಾಗುವುದು ಅಷ್ಟಕ್ಕಷ್ಟೇ. ಆದರೆ ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನಂತೂ ಕುಡಿಯುತ್ತಲೇ ಇರುತ್ತವೆ.

ಆದ್ದರಿಂದ ನಾನಾದರೆ ದೂರ ಹೆಚ್ಚಿಸುವುದನ್ನು ಒಂದು ತಿಂಗಳು ಕೈಬಿಡುತ್ತೇನೆ. ಮೊದಲು ಆಳವಿಲ್ಲದ ಕಡೆ ನಿಂತು, ಮುಖ ಮುಳುಗಿಸಿ, ಮೂಗು ಮತ್ತು ಬಾಯಿಂದ ನಿಧಾನವಾಗಿ ಗುಳ್ಳೆ ಬಿಡುತ್ತ, ಮೇಲೆ ಬಂದಾಗ ಬಾಯಿಂದ ಉಸಿರೆಳೆದುಕೊಳ್ಳುವುದನ್ನು ಹತ್ತು ಬಾರಿ ಮಾಡಿ. ಮೇಲೆ ಬಂದಾಗ "ಹಾ" ಎಂದು ಉಸಿರು ಹೊರಬಿದ್ದರೆ ನೀರೊಳಗೆ ಬಿಟ್ಟದ್ದು ಸಾಲದು ಎಂದರ್ಥ. ಹಾಗೆಂದು ಶ್ವಾಸಕೋಶವನ್ನು ಪೂರ್ತಿ ಹಿಂಡಿ ಖಾಲಿ ಮಾಡಬೇಡಿ. ಮಾತನಾಡುವಾಗ ಗಾಳಿ ಹೊರಹೋಗುವಷ್ಟು ಹಗುರವಾಗಿದ್ದು, ತಲೆ ಹೊರಳುವ ಮುಂಚೆ ತುಸು ಜೋರಾದರೆ ಸಾಕು. ಅನಂತರ 25 ಮೀಟರ್‌ನ ಎಂಟು ಲೆಂತ್‌ಗಳನ್ನು, ಪ್ರತಿಯೊಂದರ ನಡುವೆ ಉಸಿರು ಪೂರ್ತಿ ತಹಬಂದಿಗೆ ಬರುವವರೆಗೆ ನಿಂತು, ನಾಚಿಕೆಯಾಗುವಷ್ಟು ನಿಧಾನವಾಗಿ ಈಜಿ. ಉಸಿರು ತೆಗೆದುಕೊಳ್ಳುವಾಗ ತಲೆ ಎತ್ತದೆ, ಮೈಯೊಂದಿಗೆ ಹೊರಳಿಸಿ. ಕನ್ನಡಕದ ಒಂದು ಗಾಜು ನೀರಿನಲ್ಲೇ ಇರಬೇಕು.

ಮೂರು ಕೈಗೊಮ್ಮೆ ಎರಡೂ ಬದಿಗೆ ಉಸಿರಾಡಬೇಕೆಂದು ನಿಮಗೂ ಯಾರಾದರೂ ಹೇಳಿರುತ್ತಾರೆ. ಈಗಲೇ ಬೇಡ. ಎರಡು ಕೈಗೊಮ್ಮೆ, ಒಂದೇ ಬದಿಗೆ ಉಸಿರಾಡಿ. ಗಾಳಿಗೆ ಹಸಿದವನಿಗೆ ಉಪವಾಸ ಕಲಿಸುವುದು ನನಗೆ ಸರಿಕಾಣುವುದಿಲ್ಲ. ಉಸಿರು ಹಿಡಿದು ಇಡೀ ಲೆಂತ್ ಈಜುವ "ಶ್ವಾಸಕೋಶದ ವ್ಯಾಯಾಮ"ವನ್ನು ನಾನೂ ಮಾಡಿದ್ದೆ. ಅದು ದಂಡ ಮಾತ್ರವಲ್ಲ, ನೀರಿನಲ್ಲೇ ಪ್ರಜ್ಞೆ ತಪ್ಪುವ ಅಪಾಯವೂ ಉಂಟು.

ನಿಮ್ಮ ತೊಂದರೆ ಉಸಿರಿನದೋ ಕಾಲಿನದೋ ತಿಳಿಯಲು ಕಾಲನ್ನು ತೇಲಿಸಿಡುವ ಪುಲ್ ಬಾಯ್ ಎಂಬ ಫೋಮ್ ತುಂಡನ್ನು ತೊಡೆಗಳ ನಡುವೆ ಇಟ್ಟು, ಅದೇ ವೇಗದಲ್ಲಿ ನಾಲ್ಕು ಲೆಂತ್ ಈಜಿ ನೋಡಿ. ಏದುಸಿರು ಗಣನೀಯವಾಗಿ ತಗ್ಗಿದರೆ ಕಾಲು ಮುಳುಗುವುದೂ ಅತಿಯಾಗಿ ಒದೆಯುವುದೂ ಕಾರಣ. ಹಾಗೆಯೇ ಉಳಿದರೆ ಉಸಿರು ಬಿಡುವುದನ್ನು ನೋಡಿಕೊಳ್ಳಿ. ನನಗೆ ಅದು ಹಾಗೆಯೇ ಉಳಿದಿತ್ತು. ಎದೆ ಬಿಗಿತ, ಸುಯ್ಯೆನ್ನುವ ಉಸಿರು ಅಥವಾ ನೊರೆ ಕಫ ಕಂಡರೆ ಮಾತ್ರ ಈಜು ನಿಲ್ಲಿಸಿ ವೈದ್ಯರ ಬಳಿ ಹೋಗಿ, ಅದು ಬೇರೆಯೇ ವಿಷಯ.

ಮೊದಲು 100 ಮೀಟರ್‌ಗೆ 2 ನಿಮಿಷ 5 ಸೆಕೆಂಡಿನಲ್ಲಿ ಸಾಗಿ ನಾಲ್ಕಕ್ಕೇ ಸೋಲುತ್ತಿದ್ದ ನಾನು, 2 ನಿಮಿಷ 30 ಸೆಕೆಂಡಿಗೆ ಇಳಿದು ಆರನೆಯ ವಾರದಲ್ಲಿ ನಿಲ್ಲದೆ 750 ಮೀಟರ್ ಈಜಿದೆ. ಆದರೂ ಕೆರೆಯಲ್ಲಿ ಗುಂಪಿನೊಂದಿಗೆ ಧುಮುಕಿದ ಮೊದಲ ನೂರು ಮೀಟರ್‌ನಲ್ಲಿ ಹಳೆಯ ಚಾಳಿ ಈಗಲೂ ತಲೆಯೆತ್ತುತ್ತದೆ. ಅದಕ್ಕಾಗಿಯೇ ಎಲ್ಲರಿಗಿಂತ ಹಿಂದೆ ನಿಂತು, ನೀರಿಗಿಳಿದೊಡನೆ ಮೊದಲು ಗುಳ್ಳೆ ಬಿಡುತ್ತೇನೆ.