ಗಂಟೆಗಟ್ಟಲೆ ಮಲಗಿದರೂ ಸುಸ್ತಾಗಿಯೇ ಏಳುವ ಮಗು: ಮೊದಲು ಕಬ್ಬಿಣ, ಆಮೇಲೆ ಮೂಗು

“ಮಗನಿಗೆ 22 ತಿಂಗಳು. ರಾತ್ರಿ ಹತ್ತು ಗಂಟೆ, ಮಧ್ಯಾಹ್ನ ಒಂದೂವರೆ ಗಂಟೆ ಮಲಗ್ತಾನೆ. ಆದ್ರೂ ಎದ್ದಾಗಿಂದ ಸುಸ್ತು, ಸಿಡಿಮಿಡಿ. ರಾತ್ರಿಯೆಲ್ಲಾ ಹೊರಳಾಡ್ತಾನೆ. ಊಟ ಅಷ್ಟಕ್ಕಷ್ಟೇ, ಹಾಲು ಮಾತ್ರ ಚೆನ್ನಾಗಿ ಕುಡೀತಾನೆ. ಒಬ್ರು ರಕ್ತ ಕಮ್ಮಿ ಅಂತಾರೆ, ಒಬ್ರು ಅಲರ್ಜಿ, ಇನ್ನೊಬ್ರು ಆಸಿಡ್ ರಿಫ್ಲಕ್ಸ್. ಯಾವುದನ್ನ ಮೊದಲು ನೋಡಿಸಬೇಕು?”

ನಾನು ಮಕ್ಕಳ ಡಾಕ್ಟರು, ಜಿಲ್ಲಾ ಕೇಂದ್ರವೊಂದರಲ್ಲಿ ಕ್ಲಿನಿಕ್ ಇದೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಹಾಲಿನ ಮಾತಿನ ಮೇಲೆ. ದಿನಕ್ಕೆ ಎಷ್ಟು ಕುಡಿಯುತ್ತಾನೆ ಅಂತ ಎರಡು ದಿನ ಸುಮ್ನೆ ಅಳೆದು ನೋಡಿ. ರಾತ್ರಿ ಬಾಟಲಿಯಲ್ಲಿ ಕೊಡೋದನ್ನೂ ಸೇರಿಸಿ. ಅರ್ಧ ಲೀಟರ್ ದಾಟಿದರೆ ಮೊದಲ ಅನುಮಾನ ಕಬ್ಬಿಣದ ಕೊರತೆಯ ಮೇಲೆ.

ನಿದ್ದೆಯ ಲೆಕ್ಕ ಸರಿಯಾಗೇ ಇದೆ. ಈ ವಯಸ್ಸಿಗೆ ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ ಬೇಕು, ನಿಮ್ಮ ಮಗ ಹನ್ನೊಂದೂವರೆ ಮಲಗುತ್ತಾನೆ. ಗಂಟೆ ಸಾಕಷ್ಟಿದ್ದೂ ಮಗು ಸುಸ್ತಾಗಿ ಏಳುತ್ತದೆ ಅಂದರೆ ನಿದ್ದೆ ಮಧ್ಯೆ ಮಧ್ಯೆ ಒಡೆಯುತ್ತಿರಬಹುದು, ಇಲ್ಲವೇ ರಕ್ತವೇ ತೆಳುವಾಗಿರಬಹುದು. ಕಬ್ಬಿಣ ಕಮ್ಮಿಯಾದರೆ ಎರಡೂ ಆಗುತ್ತದೆ. ಕೈಕಾಲಿನ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮಿನ್ ಅನ್ನೋ ರಾಸಾಯನಿಕ ಮಿದುಳಿನಲ್ಲಿ ತಯಾರಾಗಲು ಕಬ್ಬಿಣ ಬೇಕು. ಅದು ಸಾಲದಿದ್ದಾಗ ಕಾಲು ಒಂದು ಕಡೆ ನಿಲ್ಲೋದಿಲ್ಲ. ಮಗು ಹೊದಿಕೆ ಒದೆಯುತ್ತದೆ, ಹಾಸಿಗೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತದೆ, ಕಾಲು ಒತ್ತು ಅಂತ ಅಳುತ್ತದೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಇದು ಶುರುವಾಗಬಹುದು. ಅದಕ್ಕೇ ‘ಹಿಮೋಗ್ಲೋಬಿನ್ ನಾರ್ಮಲ್ ಇದೆ’ ಅಂದ ಮಾತ್ರಕ್ಕೆ ಕಬ್ಬಿಣ ಸಾಕಷ್ಟಿದೆ ಅಂತಲ್ಲ.

ಹಾಲಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದರ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣವನ್ನೂ ಹೀರಲು ಬಿಡೋದಿಲ್ಲ. ಜೊತೆಗೆ ಹೊಟ್ಟೆ ತುಂಬಿಬಿಡುತ್ತದೆ, ಮಗು ಅನ್ನ, ಮುದ್ದೆ ಮುಟ್ಟೋದಿಲ್ಲ. ‘ಊಟ ಮಾಡಲ್ಲ, ಪಾಪ, ಹಾಲಾದ್ರೂ ಕುಡೀಲಿ’ ಅಂತ ಮನೆಯವರು ಇನ್ನೊಂದು ಲೋಟ ಕೊಡುತ್ತಾರೆ. ಊಟ ಇನ್ನೂ ಕಮ್ಮಿಯಾಗುತ್ತದೆ. ಮಗು ದುಂಡಗೇ ಇರುತ್ತದೆ, ಯಾರಿಗೂ ಅನುಮಾನ ಬರೋದಿಲ್ಲ.

ಇದು ಅಪರೂಪದ ವಿಷಯವೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಎರಡಕ್ಕೆ ರಕ್ತಹೀನತೆ ಕಂಡಿತ್ತು. ಕರ್ನಾಟಕದ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ.

ನಾನು ನೋಡಿದ ಒಂದು ಮಗುವಿನ ಕಥೆ ಹೇಳುತ್ತೇನೆ, ಟೆಸ್ಟ್ ಓದೋದು ಹೇಗೆ ಅಂತ ಗೊತ್ತಾಗುತ್ತದೆ. 20 ತಿಂಗಳ ಹುಡುಗಿ, ತೂಕ 10 ಕಿಲೋ. ಮನೆಯಲ್ಲೇ ಹಸು, ದಿನಕ್ಕೆ ಲೀಟರ್ ಹತ್ತಿರ ಹಾಲು. ಅಂಗಳದ ಮಣ್ಣು ತಿನ್ನುವ ಅಭ್ಯಾಸ. ಅಜ್ಜಿ ಅದನ್ನು ‘ಎಲ್ಲಾ ಮಕ್ಕಳೂ ತಿಂತಾವೆ’ ಅಂತ ತಳ್ಳಿಹಾಕಿದ್ದರು. ಆದರೆ ಮಣ್ಣು, ಸೀಮೆಸುಣ್ಣ, ಗೋಡೆಯ ಸುಣ್ಣ ಹುಡುಕಿಕೊಂಡು ಹೋಗಿ ತಿನ್ನುವುದು ಕಬ್ಬಿಣದ ಕೊರತೆಯ ಒಳ್ಳೆಯ ಸುಳಿವು. ಕೆಳರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು.

ರಕ್ತಕಣಗಳ ಲೆಕ್ಕ ಕೊಡುವ ಸಿಬಿಸಿ ಮತ್ತು ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಟೆಸ್ಟ್ ಮಾಡಿಸಿದೆವು. ಹಿಮೋಗ್ಲೋಬಿನ್ 9.4. ಎರಡು ವರ್ಷದೊಳಗಿನ ಮಕ್ಕಳಿಗೆ 10.5ಕ್ಕಿಂತ ಕಮ್ಮಿಯಿದ್ದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದೆ, ಅದಕ್ಕೆ ಮೊದಲು ಆ ಗೆರೆ 11ಕ್ಕೆ ಇತ್ತು. ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ 67, ಅಂದರೆ ರಕ್ತಕಣಗಳು ಸಣ್ಣದಾಗಿವೆ. ಸಣ್ಣ ಕಣ ಅಂದಾಗ ಎರಡು ವಿಷಯ ತಲೆಗೆ ಬರಬೇಕು. ಒಂದು ಕಬ್ಬಿಣದ ಕೊರತೆ, ಇನ್ನೊಂದು ಹುಟ್ಟಿನಿಂದ ಬರುವ ಥಲಸ್ಸೀಮಿಯಾ ಟ್ರೇಟ್. ಸುಲಭದ ಲೆಕ್ಕವೊಂದಿದೆ: ಎಂಸಿವಿಯನ್ನು ಮಿಲಿಯನ್ ಲೆಕ್ಕದಲ್ಲಿರುವ ಕೆಂಪು ರಕ್ತಕಣದ ಸಂಖ್ಯೆಯಿಂದ ಭಾಗಿಸಿ. ಅವಳದ್ದು 67 ಭಾಗ 4.3, ಸುಮಾರು 15.6. ಹದಿಮೂರಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕಡೆಗೆ ವಾಲುತ್ತದೆ, ಕಮ್ಮಿ ಬಂದರೆ ಥಲಸ್ಸೀಮಿಯಾ ಕಡೆಗೆ. ಇದು ಅಂದಾಜು ಅಷ್ಟೇ. ಗಟ್ಟಿ ಮಾಡಿದ್ದು ಫೆರಿಟಿನ್: 6 ಬಂತು. ಐದು ವರ್ಷದೊಳಗೆ 12ಕ್ಕಿಂತ ಕಮ್ಮಿ ಅಂದರೆ ಕಬ್ಬಿಣದ ದಾಸ್ತಾನು ಖಾಲಿ.

ಫೆರಿಟಿನ್ ವಿಷಯದಲ್ಲಿ ಒಂದು ಮೋಸವಿದೆ. ಜ್ವರ, ಕೆಮ್ಮು ಇದ್ದಾಗ ಅದು ಸುಳ್ಳಾಗಿ ಮೇಲೇರುತ್ತದೆ. ನೆಗಡಿಯಿರುವ ಮಗುವಿಗೆ 25 ಬಂದರೆ ‘ನಾರ್ಮಲ್’ ಅಂತ ಸುಮ್ಮನಾಗಬೇಡಿ. ಸೋಂಕಿದ್ದಾಗ 30ರ ಕೆಳಗೆ ಇದ್ದರೂ ಕೊರತೆ ಅಂತಲೇ ಲೆಕ್ಕ. ಮಗು ಹುಷಾರಾಗಿ ಎರಡು ವಾರ ಕಳೆದ ಮೇಲೆ ಟೆಸ್ಟ್ ಮಾಡಿಸುವುದು ಒಳ್ಳೆಯದು. ರಾತ್ರಿ ಕಾಲು ಆಡಿಸುವ ಮಕ್ಕಳಲ್ಲಿ ನಿದ್ದೆಯ ತಜ್ಞರು ಫೆರಿಟಿನ್ 50ರ ಮೇಲಿರಲಿ ಅಂತ ನೋಡುತ್ತಾರೆ. ಹಾಗಾಗಿ ಲ್ಯಾಬಿನ ಹಾಳೆಯಲ್ಲಿ ದಪ್ಪಕ್ಷರ ಇಲ್ಲದಿದ್ದರೂ ಆ ಸಂಖ್ಯೆಯನ್ನು ಡಾಕ್ಟರಿಗೆ ತೋರಿಸಿ ಕೇಳಿ.

ಔಷಧದ ಡೋಸ್ ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ ಕಬ್ಬಿಣ. ಅವಳಿಗೆ 30 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ. ಎಡವಟ್ಟಾಗೋದು ಇಲ್ಲೇ. ಮಾರುಕಟ್ಟೆಯಲ್ಲಿ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಒಂದು ಡ್ರಾಪ್ಸಿನಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಇದ್ದರೆ ಅವಳಿಗೆ 3 ಮಿಲಿಲೀಟರ್ ಸಾಕು. ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 30 ಇದ್ದರೆ 5 ಬೇಕು. ಅಂಗಡಿಯವರು ಬಾಟಲಿ ಬದಲಾಯಿಸಿ ಕೊಟ್ಟಾಗ ಅದೇ ಅಳತೆ ಮುಂದುವರಿಸಿದರೆ ಡೋಸ್ ಏರುಪೇರು. ಲೇಬಲ್ಲಿನಲ್ಲಿ ‘ಎಲಿಮೆಂಟಲ್ ಐರನ್’, ಅಂದರೆ ಔಷಧದಲ್ಲಿ ನಿಜಕ್ಕೂ ಇರುವ ಕಬ್ಬಿಣ, ಎಷ್ಟಿದೆ ಅನ್ನೋದನ್ನೇ ನೋಡಿ. ಟೆಸ್ಟ್ ಇಲ್ಲದೆ ನೀವಾಗಿಯೇ ಶುರು ಮಾಡಬೇಡಿ. ಬಾಟಲಿ ಮಗುವಿನ ಕೈಗೆ ಎಟುಕದ ಕಡೆ ಬೀಗ ಹಾಕಿಡಿ, ಚಿಕ್ಕ ಮಕ್ಕಳು ಒಟ್ಟಿಗೆ ಜಾಸ್ತಿ ಕುಡಿದರೆ ಜೀವಕ್ಕೇ ಅಪಾಯ.

ಹಾಲಿನ ಜೊತೆ ಕೊಡಬೇಡಿ. ಊಟಕ್ಕೂ ಊಟಕ್ಕೂ ನಡುವೆ, ಸ್ವಲ್ಪ ನಿಂಬೆ ಅಥವಾ ಮೋಸಂಬಿ ರಸದ ಜೊತೆ ಕೊಟ್ಟರೆ ಚೆನ್ನಾಗಿ ಹೀರುತ್ತದೆ. ನಾಲಿಗೆಯ ಹಿಂಭಾಗಕ್ಕೆ ಬಿಡಿ, ಇಲ್ಲದಿದ್ದರೆ ಹಲ್ಲಿಗೆ ಕಲೆ. ಕಕ್ಕ ಕಪ್ಪಗಾಗುತ್ತದೆ, ಗಾಬರಿ ಬೇಡ.

ಆ ಹುಡುಗಿಗೆ ಹಾಲನ್ನು ಎರಡು ಸಣ್ಣ ಲೋಟಕ್ಕೆ ಇಳಿಸಿದೆವು, ರಾತ್ರಿ ಬಾಟಲಿ ನಿಲ್ಲಿಸಿದೆವು. ಮೊದಲ ವಾರ ಮನೆಯವರಿಗೆ ನಿದ್ದೆಯಿಲ್ಲ, ಅದು ನಿಜ. ಸಿಡಿಮಿಡಿ ಬೇಗ ಇಳಿಯಿತು, ಕಾಲು ಒದೆಯೋದು ನಿಲ್ಲಲು ತಿಂಗಳ ಮೇಲೆ ಬೇಕಾಯಿತು. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 10.6. ತಿಂಗಳಿಗೆ ಒಂದು ಗ್ರಾಂ ಏರಿದರೆ ಔಷಧ ಕೆಲಸ ಮಾಡುತ್ತಿದೆ ಅಂತ ಅರ್ಥ. ನಾರ್ಮಲ್ ಆದ ಮೇಲೂ ದಾಸ್ತಾನು ತುಂಬಲು ಎರಡು ಮೂರು ತಿಂಗಳು ಮುಂದುವರಿಸಬೇಕು. ಜಾಸ್ತಿ ಮಂದಿ ಬಿಡೋದು ಇದನ್ನೇ. ಒಂದು ವೇಳೆ ಏರದಿದ್ದರೆ ಡೋಸ್ ಸರಿಯಿದೆಯಾ, ಹಾಲು ನಿಜಕ್ಕೂ ಇಳಿದಿದೆಯಾ ಅಂತ ಮೊದಲು ನೋಡುತ್ತೇವೆ. ಆಮೇಲೆ ಥಲಸ್ಸೀಮಿಯಾ ಪರೀಕ್ಷೆ.

ರಾಗಿ ಸಾಲದಾ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ರಾಗಿ ಒಳ್ಳೆಯದೇ, ಆದರೆ ಅದರ ಕಬ್ಬಿಣ ಅಷ್ಟು ಸುಲಭವಾಗಿ ಮೈಗೆ ಹತ್ತೋದಿಲ್ಲ. ಮೊಳಕೆ ಬರಿಸಿ ಮಾಡಿದ ರಾಗಿ ಹಿಟ್ಟು ವಾಸಿ. ಅದನ್ನೂ ಹಾಲಿನಲ್ಲಿ ಬೇಯಿಸಿದರೆ ಲಾಭ ಅರ್ಧ ಹೋಯಿತು! ಕೊರತೆ ಆಗಲೇ ಆಗಿದ್ದರೆ ಊಟದಿಂದ ಮಾತ್ರ ತುಂಬಲು ಆಗದು. ಮಾಂಸ ತಿನ್ನುವ ಮನೆಯಾದರೆ ಲಿವರ್, ಕೈಮಾ ಚೆನ್ನಾಗಿ ಬೇಯಿಸಿ ಕೊಡಿ.

ಇನ್ನು ಮೂಗು. ಟೆಸ್ಟಿಗಿಂತ ಮೊದಲು ಮೊಬೈಲ್ ಹಿಡಿಯಿರಿ. ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ, ಎದೆಯ ಮೇಲಿನ ಬಟ್ಟೆ ಸರಿಸಿ, ಎರಡು ನಿಮಿಷದ ವಿಡಿಯೊ ಮಾಡಿ, ಶಬ್ದವೂ ಕೇಳಬೇಕು. ಉಸಿರಿಗೆ ಅಡ್ಡಿ ಜಾಸ್ತಿ ಕಾಣೋದು ಆ ಹೊತ್ತಿನ ಕನಸಿನ ನಿದ್ದೆಯಲ್ಲಿ. ಬಾಯಿ ತೆರೆದಿದೆಯಾ, ಕತ್ತು ಹಿಂದಕ್ಕೆ ಚಾಚಿದ್ದಾನಾ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದಾ, ಗೊರಕೆ ನಿಂತು ಆಮೇಲೆ ಗಕ್ಕನೆ ಉಸಿರೆಳೆಯುತ್ತಾನಾ ಅಂತ ನೋಡಿ. ವಾರಕ್ಕೆ ಮೂರು ರಾತ್ರಿಗಿಂತ ಜಾಸ್ತಿ ನೆಗಡಿ ಇಲ್ಲದೆಯೂ ಗೊರಕೆ ಹೊಡೆದರೆ ಮೂಗಿನ ಹಿಂದಿರುವ ಅಡಿನಾಯ್ಡ್ ಅನ್ನೋ ಗ್ರಂಥಿ ದಪ್ಪಗಾಗಿರಬಹುದು. ಅದಕ್ಕೆ ಮಕ್ಕಳ ಡಾಕ್ಟರು ಅಥವಾ ಇಎನ್‌ಟಿಯವರು ಕೆಲವು ವಾರ ಮೂಗಿನ ಸ್ಪ್ರೇ ಕೊಟ್ಟು ನೋಡುತ್ತಾರೆ. ಎಲ್ಲರಿಗೂ ಆಪರೇಷನ್ ಬೇಕಾಗೋದಿಲ್ಲ.

ಅಲರ್ಜಿಯಾದರೆ ಅಂಗೈಯಿಂದ ಮೂಗು ಮೇಲಕ್ಕೆ ಉಜ್ಜುತ್ತಾನೆ, ಎದ್ದ ಕೂಡಲೇ ಸಾಲು ಸೀನು, ಕಣ್ಣಿನ ಕೆಳಗೆ ಕಪ್ಪು. ಹಾಸಿಗೆಯ ಧೂಳಿನ ಹುಳ, ನಮ್ಮ ಕಡೆಯ ಕಾಂಗ್ರೆಸ್ ಗಿಡ, ಎರಡೂ ಕಾರಣವಾಗಬಹುದು. ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ನೂರಾರು ಆಹಾರಗಳ ‘ಅಲರ್ಜಿ ಪ್ಯಾನೆಲ್’ಗೆ ದುಡ್ಡು ಸುರಿಯಬೇಡಿ. ಯಾವುದನ್ನು ತಿಂದರೆ ಏನಾಗುತ್ತದೆ ಅನ್ನೋ ಇತಿಹಾಸವಿಲ್ಲದೆ ಅದರ ಉತ್ತರಕ್ಕೆ ಅರ್ಥವಿಲ್ಲ. ನಿದ್ದೆ ಬರಲಿ ಅಂತ ನೆಗಡಿ ಸಿರಪ್ ಕೊಡೋದೂ ಬೇಡ. ಕ್ಲೋರ್ಫೆನಿರಮೈನ್ ಮತ್ತು ಫೀನೈಲೆಫ್ರಿನ್ ಸೇರಿದ ಸಿರಪ್ ನಾಲ್ಕು ವರ್ಷದೊಳಗೆ ಕೊಡಬಾರದು ಅಂತ 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ.

ರಿಫ್ಲಕ್ಸ್ ನನ್ನ ಪಟ್ಟಿಯಲ್ಲಿ ಕೊನೆಗೆ. ಕೂಸಿನ ಕಕ್ಕುವಿಕೆ ಒಂದೂವರೆ ವರ್ಷದೊಳಗೆ ಬಹುಪಾಲು ತಾನೇ ನಿಲ್ಲುತ್ತದೆ. ವಾಂತಿ ಇಲ್ಲ, ನುಂಗಲು ಕಷ್ಟವಿಲ್ಲ, ತೂಕ ಏರುತ್ತಿದೆ ಅಂದಮೇಲೆ ಬರೀ ಹೊರಳಾಟ ನೋಡಿ ಆಸಿಡ್ ಔಷಧ ಶುರು ಮಾಡೋದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ರಾತ್ರಿ ಅವನು ಹಿಂಬದಿ ಕೆರೆದುಕೊಳ್ಳುತ್ತಾನಾ ನೋಡಿ, ದಾರದಂಥ ಸಣ್ಣ ಹುಳ ನಿದ್ದೆ ಕೆಡಿಸೋದು ಹೆಚ್ಚು.

ಹಾಗಾಗಿ ಈ ವಾರ ಹಾಲಿನ ಅಳತೆ, ಆ ವಿಡಿಯೊ, ಜೊತೆಗೆ ಸಿಬಿಸಿ ಮತ್ತು ಫೆರಿಟಿನ್ ಬರೆದುಕೊಡಿ ಅನ್ನುವ ಮಾತು ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ. ತುಟಿ, ಅಂಗೈ ತೀರಾ ಬಿಳಿಚಿಕೊಂಡು ಎದೆಬಡಿತ ಜೋರಾಗಿದ್ದರೆ, ನಿದ್ದೆಯಲ್ಲಿ ಉಸಿರು ನಿಂತಂತಾಗಿ ತುಟಿ ನೀಲಿಯಾದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.