ಒಬ್ಬರ ಸಂಬಳದ ಸಂಸಾರಕ್ಕೆ ಎಷ್ಟು ವಿಮೆ?

ಪ್ರಶ್ನೆ: ಪುಣೆಯಲ್ಲಿ ನನ್ನೊಬ್ಬನ ಸಂಬಳದಲ್ಲೇ ಸಂಸಾರ ನಡೆಯುತ್ತಿದೆ. ಟರ್ಮ್ ವಿಮೆ, ಆರೋಗ್ಯ ವಿಮೆ ಹೇಗೆ ಆರಿಸಲಿ? ಕಾಗದಗಳ ವಿಷಯ ಹೆಂಡತಿಗೆ ಹೇಗೆ ತಿಳಿಸಲಿ?

ಉತ್ತರ: ತಿಂಗಳ ಖರ್ಚು 50 ಸಾವಿರ, ಹಡಪಸರದ ಮನೆಯ ಸಾಲ 30 ಲಕ್ಷ ಎಂದಿಟ್ಟುಕೊಳ್ಳಿ. 15 ವರ್ಷಗಳ ಖರ್ಚು 90 ಲಕ್ಷ, ಸಾಲ ಸೇರಿ 1.2 ಕೋಟಿ, ಭವಿಷ್ಯನಿಧಿಯ 20 ಲಕ್ಷ ಕಳೆದರೂ 1 ಕೋಟಿಯ ಟರ್ಮ್ ಪಾಲಿಸಿ ಬೇಕು, ಬೆಲೆಯೇರಿಕೆಯನ್ನು ಲೆಕ್ಕಿಸಿದರೆ ಇನ್ನೂ ಹೆಚ್ಚು. ಅರ್ಜಿ ತುಂಬುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪತ್ನಿಯನ್ನು ಫಲಾನುಭವಿಯಾಗಿ ನಮೂದಿಸಿದರೆ, ನಿಮಗೆ ಸಾಲ ಕೊಟ್ಟವರು ಆ ಹಣವನ್ನು ಸಾಮಾನ್ಯವಾಗಿ ಜಪ್ತಿ ಮಾಡಲಾರರು. ಇದನ್ನು ಆಮೇಲೆ ಸೇರಿಸಲು ಬರುವುದಿಲ್ಲ.

ಕಂಪನಿಯ ಆರೋಗ್ಯ ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷಗಳವರೆಗೂ ಕಾಯಬೇಕಾಗಬಹುದಾದ್ದರಿಂದ, ಕುಟುಂಬದ ಸ್ವಂತ ಪಾಲಿಸಿಯನ್ನು ಈಗಲೇ ಮಾಡಿಸಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ. ಕೋಣೆ ಬಾಡಿಗೆಗೆ ಮಿತಿಯಿರುವ ಪಾಲಿಸಿ ಬೇಡ. ಮಿತಿ ಮೀರಿದರೆ ಬಾಡಿಗೆಯಲ್ಲಷ್ಟೇ ಅಲ್ಲ, ವೈದ್ಯರ ಶುಲ್ಕದಂಥ ಇತರ ಖರ್ಚುಗಳಲ್ಲೂ ಅದೇ ಪ್ರಮಾಣದ ಕಡಿತವಾಗಬಹುದು.

ಕಾಗದಗಳನ್ನು ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿಡಬೇಡಿ, ಏಕೆಂದರೆ ಬೇಕಾದ ಹೊತ್ತಿನಲ್ಲೇ ಅದು ನಿಮ್ಮ ಪತ್ನಿಗೆ ತೆರೆಯದು. ಮನೆಯ ಕಪಾಟಿನ ಒಂದೇ ಫೈಲಿನಲ್ಲಿಟ್ಟು, ಮೊದಲ ಪುಟದಲ್ಲಿ ಪಾಲಿಸಿ ಸಂಖ್ಯೆ, ಕಂತಿನ ದಿನಾಂಕ, ವಿಮಾ ಕಂಪನಿಯ ದೂರವಾಣಿಯನ್ನು ಕನ್ನಡದಲ್ಲೇ ಬರೆದು, ಒಮ್ಮೆ ಅವರ ಕೈಯಿಂದಲೇ ಫೈಲು ತೆಗೆಸಿ ಓದಿಸಿ.