ಪದ ಎಲ್ಲ ಬದಲಾಯಿಸಿದ ಮೇಲೂ ಪ್ಲೇಜರಿಸಂ ಹೇಗಾಗುತ್ತದೆ?

ಪ್ರಶ್ನೆ: ನಮ್ಮ ಗೈಡ್ ಮೇಡಂ ಮೇಲ್ ಹಾಕಿದ್ದಾರೆ. "ಇದು ಪ್ಯಾರಾಫ್ರೇಸ್ ಅಲ್ಲ, ಪ್ಲೇಜರಿಸಂ. ಎರಡನೇ ಅಧ್ಯಾಯ ಮತ್ತೆ ಬರಿ" ಅಂತ. ನಾನು ಒಂದು ವಾಕ್ಯನೂ ಕಾಪಿ ಮಾಡಿಲ್ಲ, ಪದ ಎಲ್ಲ ಬದಲಾಯಿಸಿದ್ದೇನೆ. ಕೊನೆಯಲ್ಲಿ ಪುಸ್ತಕದ ಹೆಸರೂ ಇದೆ. ಸಾಫ್ಟ್‌ವೇರ್‌ನಲ್ಲಿ ಬರೀ 8% ಬಂದಿದೆ. ನನ್ನ ತಪ್ಪೇನು? ಏನಂತ ರಿಪ್ಲೈ ಮಾಡಲಿ?

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹತ್ತಾರು ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿರುತ್ತೇನೆ. ನಿಮಗೆ ಬಂದಂಥ ಮೇಲ್ ನಾನೂ ಎಷ್ಟೋ ಜನಕ್ಕೆ ಬರೆದಿದ್ದೇನೆ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿಗೆ ಬರೆದದ್ದರ ಮುಖ್ಯ ಭಾಗವನ್ನು ಅವಳ ಒಪ್ಪಿಗೆ ಕೇಳಿ ಇಲ್ಲಿ ಹಾಕುತ್ತಿದ್ದೇನೆ. ಅವಳ ಪ್ರಾಜೆಕ್ಟ್ ಕನ್ನಡದಲ್ಲೇ ಇತ್ತು, ತನ್ನ ಊರಿನ ಕೆರೆಯಲ್ಲಿ ಹೂಳು ತುಂಬಿದ್ದರ ಬಗ್ಗೆ. ಅವಳು ಓದಿದ ಪುಸ್ತಕ ಯಾವುದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಅದಕ್ಕೇ ಅದರ ವಾಕ್ಯಗಳನ್ನೂ ಅವಳ ವಾಕ್ಯಗಳನ್ನೂ ಬಿಟ್ಟು, ಅದೇ ಧಾಟಿಯಲ್ಲಿ ನಾನೇ ಬರೆದು ಹಾಕಿದ್ದೇನೆ.

"ನಿನ್ನ ಎರಡನೇ ಅಧ್ಯಾಯ ಓದಿದೆ. ಪುಟ 14ರ ಪ್ಯಾರಾ ನೋಡು. ಪುಸ್ತಕದಲ್ಲಿ ಹೀಗಿದೆ: 'ಬೋರ್‌ವೆಲ್ ಬಂದ ಮೇಲೆ ರೈತರಿಗೆ ಕೆರೆ ನೀರಿನ ಅಗತ್ಯ ಕಡಿಮೆಯಾಯಿತು. ಬೆಳೆಯಲ್ಲಿ ಪಾಲು ಸಿಗದೆ ನೀರಗಂಟಿಗಳು ಕೆಲಸ ಬಿಟ್ಟರು, ತೂಬು ನೋಡಿಕೊಳ್ಳುವವರೇ ಇಲ್ಲವಾದರು. ಹೀಗಾಗಿ ಬೇಸಿಗೆಯಲ್ಲಿ ಊರವರು ಸೇರಿ ಹೂಳೆತ್ತುವ ಪದ್ಧತಿ ನಿಂತುಹೋಯಿತು.'

ನೀನು ಬರೆದಿರುವುದು: 'ಕೊಳವೆಬಾವಿಗಳು ಬಂದ ಬಳಿಕ ಕೃಷಿಕರಿಗೆ ಕೆರೆ ನೀರಿನ ಅವಶ್ಯಕತೆ ಇಳಿಯಿತು. ಫಸಲಿನಲ್ಲಿ ಭಾಗ ದೊರೆಯದೆ ನೀರಗಂಟಿಗಳು ಕೆಲಸ ತೊರೆದರು, ತೂಬನ್ನು ಗಮನಿಸುವವರು ಇಲ್ಲದಂತಾದರು. ಇದರಿಂದ ಬೇಸಿಗೆ ಕಾಲದಲ್ಲಿ ಗ್ರಾಮಸ್ಥರು ಒಟ್ಟಾಗಿ ಹೂಳು ತೆಗೆಯುವ ರೂಢಿ ನಿಂತಿತು.'

ಎರಡನ್ನೂ ಪಕ್ಕಪಕ್ಕ ಇಟ್ಟು ಜೋರಾಗಿ ಓದು. ಬೋರ್‌ವೆಲ್ ಹೋಗಿ ಕೊಳವೆಬಾವಿ ಬಂದಿದೆ, ರೈತ ಹೋಗಿ ಕೃಷಿಕ ಬಂದಿದ್ದಾನೆ. ಆದರೆ ಮೂರು ವಾಕ್ಯಕ್ಕೆ ಮೂರೇ ವಾಕ್ಯ. ಅವರು ಅಲ್ಪವಿರಾಮ ಹಾಕಿದ ಕಡೆಯೇ ನೀನೂ ಹಾಕಿದ್ದೀಯ. ಬೋರ್‌ವೆಲ್, ನೀರಗಂಟಿ, ಹೂಳು, ಈ ಕ್ರಮವೂ ಅವರದೇ. ಈ ಮೂರಕ್ಕೂ ನಂಟಿದೆ ಅಂತ ಯೋಚನೆ ಮಾಡಿದವರು ಆ ಲೇಖಕರು. ಪ್ಯಾರಾದಲ್ಲಿ ಎಲ್ಲೂ ಅವರ ಹೆಸರಿಲ್ಲ. ಓದಿದವರು ಇದನ್ನು ನೀನೇ ಕಂಡುಕೊಂಡೆ ಅಂದುಕೊಳ್ಳುತ್ತಾರೆ.

ಪುಟ 16ರಲ್ಲಿ 'ಕೆರೆಯ ಓರಣವಾದ ಪ್ರದೇಶ' ಅಂತ ಇದೆ. ಪುಸ್ತಕದಲ್ಲಿ ಅದು 'ಅಚ್ಚುಕಟ್ಟು ಪ್ರದೇಶ', ಅಂದರೆ ಕೆರೆ ನೀರು ಹರಿಯುವ ಜಮೀನು. ಅಚ್ಚುಕಟ್ಟು ಅಂದರೆ ಓರಣ ಅನ್ನುವ ಅರ್ಥವೂ ಇದೆ, ಆದರೆ ಇಲ್ಲಿ ಅದಲ್ಲ. ನಿಮ್ಮ ತಾತ ಆ ಅಚ್ಚುಕಟ್ಟಿನಲ್ಲೇ ಭತ್ತ ಬೆಳೆಯುತ್ತಿದ್ದರು ಅಂತ ನೀನೇ ನನಗೆ ಹೇಳಿದ್ದೆ. ನಿನಗೆ ಗೊತ್ತಿರುವ ಪದ ಇದು. ಬರೆಯುವಾಗ ನೀನು ಕೆರೆಯನ್ನು ನೆನೆಸಿಕೊಂಡಿಲ್ಲ, ಒಂದೊಂದು ಪದಕ್ಕೂ ಬದಲಿ ಪದ ಹುಡುಕಿದ್ದೀಯ ಅಷ್ಟೇ.

ನೀನು ಮೋಸ ಮಾಡಬೇಕೆಂದು ಮಾಡಿದ್ದೀಯ ಅಂತ ನಾನು ಅಂದುಕೊಂಡಿಲ್ಲ. ಆದರೆ ಇದನ್ನು ಹೀಗೇ ಸಬ್ಮಿಟ್ ಮಾಡಿದರೆ ಎಕ್ಸ್‌ಟರ್ನಲ್ ಇದನ್ನು ಪ್ಲೇಜರಿಸಂ ಅಂತಲೇ ತಗೊಳ್ಳುತ್ತಾರೆ. ನಾಳೆ ಆ ಪುಸ್ತಕ ತಗೊಂಡು ಸ್ಟಾಫ್ ರೂಮಿಗೆ ಬಾ."

ಮಾರನೇ ದಿನ ಬಂದಳು. ಕಣ್ಣು ಕೆಂಪಾಗಿತ್ತು. "ಸರ್, ಈ ಅಧ್ಯಾಯಕ್ಕೆ ಮೂರು ವಾರ ಕೂತಿದ್ದೇನೆ" ಅಂದಳು. ಅದು ನಿಜ. ಒಂದೊಂದು ಪದ ಬದಲಾಯಿಸುವುದು ಸುಮ್ನೆ ಬರೆಯುವುದಕ್ಕಿಂತ ಜಾಸ್ತಿ ಕಷ್ಟ. ಹೀಗೆ ಬರೆಯುವುದಕ್ಕೆ ಅಮೆರಿಕದ ರೆಬೆಕಾ ಮೂರ್ ಹೊವಾರ್ಡ್ ಎಂಬ ಪ್ರಾಧ್ಯಾಪಕಿ 1990ರ ದಶಕದಲ್ಲಿ ಪ್ಯಾಚ್‌ರೈಟಿಂಗ್ ಅಂತ ಹೆಸರಿಟ್ಟರು. ಮೂಲದ ವಾಕ್ಯ ಇಟ್ಟುಕೊಂಡು ಅಲ್ಲಲ್ಲಿ ತೇಪೆ ಹಾಕುವುದು. ಓದಿದ್ದು ಇನ್ನೂ ಪೂರ್ತಿ ದಕ್ಕದ ಕಲಿಯುವವರು ಇದನ್ನು ಮಾಡುತ್ತಾರೆ, ಇದನ್ನೆಲ್ಲ ಮೋಸ ಅಂತ ನೋಡಬಾರದು ಅನ್ನುವುದು ಅವರ ವಾದ. ನನ್ನ ಅನುಭವವೂ ಅದೇ. ಆದರೆ ರಿಪೋರ್ಟ್ ಓದುವವರಿಗೆ ನಿಮ್ಮ ಉದ್ದೇಶ ಕಾಣುವುದಿಲ್ಲ, ಪುಟ ಮಾತ್ರ ಕಾಣುತ್ತದೆ.

ನಾನು ಅವಳ ಕೈಯಿಂದ ಪುಸ್ತಕ ತಗೊಂಡು ಮುಚ್ಚಿಟ್ಟೆ. "ಈಗ ಹೇಳಮ್ಮ, ಅವರು ಏನು ಹೇಳುತ್ತಿದ್ದಾರೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬೋರ್‌ವೆಲ್ ಬಂದಿದ್ದಕ್ಕೆ ನೀರಗಂಟಿ ಕೆಲಸ ಹೋಯ್ತು, ಅವರು ಹೋಗಿದ್ದಕ್ಕೆ ಹೂಳೆತ್ತೋದು ನಿಂತ್ಹೋಯ್ತು ಅಂತಾರೆ ಸರ್. ಆದ್ರೆ ನಮ್ಮೂರಲ್ಲಿ ಹಂಗಾಗಿಲ್ಲ. ನೀರಗಂಟಿ ಬೋರ್‌ವೆಲ್‌ಗಿಂತ ಮುಂಚೆನೇ ಬಿಟ್ಟುಹೋಗಿದ್ರಂತೆ" ಅಂದಳು. ಇಷ್ಟು ಒಳ್ಳೆಯ ವಿಷಯ ಇಡೀ ರಿಪೋರ್ಟ್‌ನಲ್ಲಿ ಎಲ್ಲೂ ಇರಲಿಲ್ಲ! ಅಲ್ಲೇ ಕೂತು ಬರಿ ಅಂದೆ. ಬರೆದದ್ದು ಸುಮಾರು ಹೀಗಿತ್ತು:

"ಹೂಳೆತ್ತುವುದು ನಿಂತದ್ದಕ್ಕೆ ಬೋರ್‌ವೆಲ್‌ಗಳೇ ಮೊದಲ ಕಾರಣ ಎಂದು (ಲೇಖಕರ ಹೆಸರು, ವರ್ಷ, ಪುಟ) ಹೇಳುತ್ತಾರೆ. ಕೆರೆ ನೀರನ್ನು ನೆಚ್ಚಿದವರು ಕಡಿಮೆಯಾದಾಗ ನೀರಗಂಟಿಗೆ ಸಿಗುತ್ತಿದ್ದ ಬೆಳೆಯ ಪಾಲೂ ನಿಂತಿತು ಎಂಬುದು ಅವರ ವಿವರಣೆ. ನಮ್ಮ ಊರಿನಲ್ಲಿ ಕ್ರಮ ಬೇರೆ. ಇಲ್ಲಿ ನೀರಗಂಟಿ ಮೊದಲೇ ಕೆಲಸ ಬಿಟ್ಟಿದ್ದರು, ಬೋರ್‌ವೆಲ್ ಆಮೇಲೆ ಬಂತು ಎಂದು ನಾನು ಮಾತಾಡಿಸಿದ ಹಿರಿಯರು ಹೇಳಿದರು."

ಇದು ಪ್ಯಾರಾಫ್ರೇಸ್. ಬೋರ್‌ವೆಲ್, ನೀರಗಂಟಿ, ಹೂಳು, ಈ ಪದಗಳು ಹಾಗೇ ಇವೆ ನೋಡಿ. ಅವು ಆ ಕೆಲಸದ ಪದಗಳು, ಯಾರ ಸ್ವತ್ತೂ ಅಲ್ಲ, ಬದಲಾಯಿಸಲೇಬಾರದು. ಬದಲಾಗಿರುವುದು ವಾಕ್ಯದ ಕಟ್ಟು. ಇನ್ನೊಂದು, ಲೇಖಕರ ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. "ನಮ್ಮ ಊರಿನಲ್ಲಿ" ಅನ್ನುವಲ್ಲಿಂದ ಅವಳ ಮಾತು.

ಕೊನೆಯಲ್ಲಿ ಪುಸ್ತಕದ ಹೆಸರು ಹಾಕಿದ್ದು ಸಾಲದು ಅಂತ ಮೇಡಂ ಹೇಳುವುದು ಇದಕ್ಕೇ. ಕೊನೆಯ ಪಟ್ಟಿ ನೀವು ಏನೇನು ಓದಿದಿರಿ ಅಂತ ಹೇಳುತ್ತದೆ. ಯಾವ ವಾಕ್ಯ ಯಾರದು ಅಂತ ಹೇಳುವುದಿಲ್ಲ. ಪ್ಯಾರಾದ ತುದಿಯಲ್ಲಿ ಒಂದು ಬ್ರಾಕೆಟ್ ಹಾಕಿದರೂ ಅದು ಕೊನೆಯ ವಾಕ್ಯಕ್ಕೆ ಮಾತ್ರವೋ ಇಡೀ ಪ್ಯಾರಾಕ್ಕೋ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಮಕ್ಕಳಿಗೆ ಹೇಳುವುದು, ಎರವಲು ಶುರುವಾಗುವ ಕಡೆಯೇ ಹೆಸರು ಹಾಕಿ. ಹಾಗಂತ ಹೆಸರು ಹಾಕಿದ ತಕ್ಷಣ ತೇಪೆ ಹಾಕಿದ ವಾಕ್ಯಗಳು ಸರಿಹೋಗುವುದಿಲ್ಲ. ವಾಕ್ಯ ಅವರದೇ ಬೇಕು ಅನ್ನಿಸಿದರೆ ಒಂದಕ್ಷರ ಮುಟ್ಟದೆ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪುಟ ಸಂಖ್ಯೆ ಕೊಡಿ. ಇಲ್ಲದಿದ್ದರೆ ಪೂರ್ತಿ ನಿಮ್ಮ ವಾಕ್ಯ ಬರೆಯಿರಿ. ಇವೆರಡರ ಮಧ್ಯದ ದಾರಿಯಲ್ಲೇ ನೀವು ಸಿಕ್ಕಿಕೊಂಡಿರುವುದು.

ಇನ್ನು ಆ 8%. ಯುಜಿಸಿ 2018ರಲ್ಲಿ ಪ್ಲೇಜರಿಸಂ ಬಗ್ಗೆ ನಿಯಮ ತಂದಿತು. ಥೀಸಿಸ್, ಡಿಸರ್ಟೇಶನ್‌ಗಳಲ್ಲಿ ಹೋಲಿಕೆ 10% ವರೆಗೆ ಇದ್ದರೆ ದಂಡವಿಲ್ಲ, 10ರಿಂದ 40% ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು, ಅದರಾಚೆ ಶಿಕ್ಷೆ ಜಾಸ್ತಿ. ಇದನ್ನು ಕೇಳಿದ ಮಕ್ಕಳು 10ರ ಒಳಗೆ ಬಂದರೆ ಪಾಸ್ ಅಂದುಕೊಳ್ಳುತ್ತಾರೆ. ಆ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ಯೋಚಿಸಿ. ಸಾಫ್ಟ್‌ವೇರ್ ತನ್ನ ಸಂಗ್ರಹದಲ್ಲಿರುವ ಬರಹದ ಜೊತೆ ನಿಮ್ಮ ಪದಗಳ ಸಾಲನ್ನು ಹೋಲಿಸುತ್ತದೆ. ಆ ವಿದ್ಯಾರ್ಥಿನಿ ಓದಿದ್ದು ಲೈಬ್ರರಿಯ ಹಳೇ ಕನ್ನಡ ಪುಸ್ತಕ. ಅದು ನೆಟ್‌ನಲ್ಲೇ ಇರಲಿಲ್ಲ. ಪುಟಗಟ್ಟಲೆ ಹಾಗೇ ಇಳಿಸಿದ್ದರೂ ಸಾಫ್ಟ್‌ವೇರ್‌ಗೆ ಹೋಲಿಸಲು ಏನೂ ಸಿಗುತ್ತಿರಲಿಲ್ಲ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ಅನುವಾದ ಮಾಡಿ ಹೆಸರು ಹೇಳದೆ ಹಾಕುವವರೂ ಇದ್ದಾರೆ. ಅದೂ ಪ್ಲೇಜರಿಸಂ, ಆದರೆ ರಿಪೋರ್ಟ್‌ನಲ್ಲಿ ಸಂಖ್ಯೆ ಚಿಕ್ಕದೇ ಬರುತ್ತದೆ. ಉಲ್ಟಾ ಕೂಡ ಆಗುತ್ತದೆ. ಕಾಯ್ದೆಯ ಕಲಂ, ಸರಿಯಾಗಿ ಹೆಸರು ಹೇಳಿದ ಉದ್ಧರಣ, ಗ್ರಂಥಸೂಚಿ ಇವನ್ನು ಎಣಿಕೆಯಿಂದ ತೆಗೆಯದಿದ್ದರೆ ಪ್ರಾಮಾಣಿಕವಾಗಿ ಬರೆದವರಿಗೂ 25% ಬರಬಹುದು.

ಗೈಡ್‌ಗಳಿಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಧಾಟಿ ಬದಲಾಗುತ್ತದೆ. ಮೊದಲ ಅಧ್ಯಾಯದಲ್ಲಿ "ನಮ್ಮೂರ ಕೆರೆ ಏರಿ ಮೇಲೆ" ಅಂತ ಬರೆದವಳು ಎರಡನೆಯದರಲ್ಲಿ ಇದ್ದಕ್ಕಿದ್ದಂತೆ "ಗ್ರಾಮಸ್ಥರು ಒಟ್ಟಾಗಿ" ಅಂತಾಳೆ. ಮತ್ತೆ, ಆ "ಓರಣವಾದ ಪ್ರದೇಶ"ದಂಥ ಒಂದು ಪದ ಸಿಕ್ಕರೆ ಸಾಕು. ಸುತ್ತ ಹತ್ತು ವಾಕ್ಯಗಳ ಮೂಲ ಹುಡುಕಲು ಜಾಸ್ತಿ ಹೊತ್ತು ಬೇಡ.

ಈಗ ನಿಮ್ಮ ಅಧ್ಯಾಯ. ಇರುವ ಪ್ಯಾರಾಗಳನ್ನೇ ತಿದ್ದಲು ಹೋಗಬೇಡಿ, ತೇಪೆಯ ಮೇಲೆ ತೇಪೆ ಆಗುತ್ತದೆ. ಹೊಸ ನೋಟ್‌ಬುಕ್ ತಗೊಳ್ಳಿ. ಪುಟದ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಪುಸ್ತಕದ ಮಾತು, ಪುಟ ಸಂಖ್ಯೆ ಸಮೇತ, ಪೂರ್ತಿ ವಾಕ್ಯದಲ್ಲಲ್ಲ, ನಾಲ್ಕೈದು ಪದಗಳಲ್ಲಿ ಮಾತ್ರ. ಬಲಗಡೆ ಅದನ್ನು ಓದಿದಾಗ ನಿಮಗೆ ಅನ್ನಿಸಿದ್ದು. ಮಾರನೇ ದಿನ ಪುಸ್ತಕ ತೆಗೆಯದೆ ನೋಟ್‌ಬುಕ್ ನೋಡಿಕೊಂಡು ಬರೆಯಿರಿ. ಬರೆದ ಮೇಲೆ ಪುಸ್ತಕ ತೆಗೆದು ಹೋಲಿಸಿ. ಅರ್ಥ ತಪ್ಪಾಗಿದೆಯಾ, ಅವರ ವಾಕ್ಯ ಹಾಗೇ ನುಸುಳಿದೆಯಾ, ಎರಡನ್ನೂ ನೋಡಿ. ಒಂದು ಪ್ಯಾರಾವನ್ನು ಹೀಗೆ ಬರೆಯಲು ಆಗದಿದ್ದರೆ ಅದು ನಿಮಗೆ ಇನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ. ಅದನ್ನೇ ಹಿಡಿದು ಮೇಡಂ ಹತ್ತಿರ ಹೋಗಿ ಕೇಳಿ. ಕೇಳಿದ್ದಕ್ಕೆ ಯಾವ ಗೈಡೂ ಬೇಜಾರು ಮಾಡಿಕೊಳ್ಳುವುದನ್ನು ನಾನು ನೋಡಿಲ್ಲ.

ರಿಪ್ಲೈನಲ್ಲಿ 8% ವಿಷಯ ಎತ್ತಬೇಡಿ. "ಕಾಪಿ ಮಾಡಿಲ್ಲ ಮೇಡಂ" ಅಂತ ವಾದವೂ ಬೇಡ. ಹೀಗೆ ಬರೆದರೆ ಸಾಕು:

"ಮೇಡಂ, ನಮಸ್ಕಾರ. ನಿಮ್ಮ ಮೇಲ್ ಓದಿದೆ. ಪುಸ್ತಕದ ವಾಕ್ಯ ಎದುರಿಗಿಟ್ಟುಕೊಂಡು ಪದ ಬದಲಾಯಿಸುತ್ತಾ ಹೋಗಿದ್ದೇನೆ, ಪ್ಯಾರಾಗಳಲ್ಲಿ ಲೇಖಕರ ಹೆಸರು ಹಾಕಿಲ್ಲ. ಎರಡನೇ ಅಧ್ಯಾಯ ಹೊಸದಾಗಿ ಬರೆಯುತ್ತಿದ್ದೇನೆ. ಮೊದಲ ಎರಡು ಪುಟ ಶುಕ್ರವಾರ ತರುತ್ತೇನೆ, ಜೊತೆಗೆ ಮೂಲ ಪುಸ್ತಕವನ್ನೂ ತರುತ್ತೇನೆ. ಈ ದಾರಿ ಸರಿಯಿದೆಯಾ ಎಂದು ನೋಡಿ ಹೇಳಿದರೆ ಉಳಿದದ್ದು ಮುಂದುವರಿಸುತ್ತೇನೆ."

ಎರಡು ಪುಟ ಅಂತ ಸುಮ್ನೆ ಹೇಳಿದ್ದಲ್ಲ. ಇಡೀ ಅಧ್ಯಾಯ ಬರೆದ ಮೇಲೆ ಮತ್ತೆ ಅದೇ ತಪ್ಪು ಅಂತ ಗೊತ್ತಾದರೆ ನಿಮಗೂ ಕಷ್ಟ, ಅವರಿಗೂ ಕಷ್ಟ. ಆ ಹುಡುಗಿ ಮೊದಲು ತಂದ ಎರಡು ಪುಟದಲ್ಲೂ ಒಂದು ಪ್ಯಾರಾ ಹಳೇ ಥರವೇ ಇತ್ತು. ಅಲ್ಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಟ್ಟೆ. ಮಿಕ್ಕ ಹನ್ನೊಂದು ಪುಟದಲ್ಲಿ ಅಂಥದ್ದು ಒಂದೂ ಸಿಗಲಿಲ್ಲ.